ಅಪ್‌ಡೇಟ್: ಮೀಸಲು ನಿಧಿಯ ಗುರಿ ನಿಗದಿಯಾಯಿತು

ನನ್ನ ಪ್ರಶ್ನೆ: “ನಮ್ಮ ಸೇವಾಸಂಸ್ಥೆಯ ಮೀಸಲು ನಿಧಿ ಎಷ್ಟು ತಿಂಗಳ ಖರ್ಚಿಗೆ ಸಾಲುವಂತಿರಬೇಕು, ಬಜೆಟ್ ನೀತಿಯಲ್ಲಿ ಅದನ್ನು ಹೇಗೆ ಬರೆಯಬೇಕು?”

ವಾರ್ಷಿಕ ಖರ್ಚು 60 ಲಕ್ಷದಲ್ಲಿ, ನಗದು ಹೊರಹೋಗದ ಸವಕಳಿಯ 6 ಲಕ್ಷವನ್ನೂ ಒಮ್ಮೆ ಮಾತ್ರ ಬಂದ ದುರಸ್ತಿಯ 6 ಲಕ್ಷವನ್ನೂ ಕಳೆದಾಗ ತಿಂಗಳಿಗೆ 4 ಲಕ್ಷವಾಯಿತು. ಬ್ಯಾಂಕಿನಲ್ಲಿದ್ದ 18 ಲಕ್ಷ ನೋಡಿ ನೆಮ್ಮದಿಯಿಂದಿದ್ದೆವು; ಆದರೆ ಅದರಲ್ಲಿ 10 ಲಕ್ಷ ದಾನಿಗಳು ನಿರ್ದಿಷ್ಟ ಯೋಜನೆಗೆಂದೇ ಕೊಟ್ಟಿದ್ದರಿಂದ, ನಿಜವಾದ ಮೀಸಲು ಎರಡೇ ತಿಂಗಳಿನದೆಂದು ತಿಳಿದು ಕಳವಳವಾಯಿತು. ಅನುದಾನದ ಕಂತು ಹಿಂದೊಮ್ಮೆ ಮೂರು ತಿಂಗಳು ತಡವಾಗಿದ್ದನ್ನು ನೆನೆದು, ನಾಲ್ಕು ತಿಂಗಳ ಗುರಿಯನ್ನು ಆರಿಸಿದೆವು.

ನೀತಿಯಲ್ಲಿ ಹೀಗೆ ಬರೆದಿದ್ದೇವೆ: “ನಿರ್ಬಂಧವಿಲ್ಲದ ಮೀಸಲು, ಪ್ರತಿ ಬಜೆಟ್‌ನೊಂದಿಗೆ ಮರುಲೆಕ್ಕ ಹಾಕಿದ ನಾಲ್ಕು ತಿಂಗಳ ನಿರ್ವಹಣಾ ವೆಚ್ಚಕ್ಕೆ ಸಮನಾಗುವವರೆಗೆ ವರ್ಷಕ್ಕೆ ಕನಿಷ್ಠ 2 ಲಕ್ಷ ಸೇರಿಸತಕ್ಕದ್ದು, ಆಡಳಿತ ಮಂಡಳಿಯ ನಿರ್ಣಯವಿಲ್ಲದೆ ಅದನ್ನು ಬಳಸತಕ್ಕದ್ದಲ್ಲ, ಬಳಸಿದ ಮೊತ್ತವನ್ನು 24 ತಿಂಗಳೊಳಗೆ ತುಂಬತಕ್ಕದ್ದು.”