ಸಹಾಯ ಬೇಕು: ಲ್ಯಾಬ್ರಡಾರ್ ಮೊಣಕಾಲಿನ ಲಿಗಮೆಂಟ್ ಹರಿದದ, ಆಪರೇಷನ್ ಮಾಡಿಸ್ಬೇಕಾ?

ಕಲಬುರಗಿಯಿಂದ ಕೇಳ್ಲಿಕತ್ತೀನ್ರಿ. ನಮ್ಮ ರಾಜಾ, 5 ವರ್ಷ, 34 ಕೆಜಿ, ಚೆಂಡಿನ ಹಿಂದ ಓಡಿ ಒಮ್ಮೆಲೆ ತಿರುಗಿದಾಗ ಕುಂಯ್ ಅಂದು ಹಿಂದಿನ ಬಲಗಾಲು ಎತ್ತಿಬಿಟ್ಟ, ಈಗ ಬೆರಳ ತುದಿ ಅಷ್ಟೇ ನೆಲಕ್ಕ ತಾಗಸ್ತಾನ, ಕುಂತ್ರ ಆ ಕಾಲು ಹೊರಗ ಚಾಚ್ತಾನ. ಡಾಕ್ಟರ್ ಮಂಪರಿನ ಇಂಜೆಕ್ಷನ್ ಕೊಟ್ಟು, ತೊಡಿ ಎಲುಬು ಗಟ್ಟಿ ಹಿಡ್ದು ಕೆಳಗಿನ ಎಲುಬು ಮುಂದ ದೂಡಿದ್ರು, ಡ್ರಾಯರ್ ಎಳ್ದಂಗ ಸರಿತು. ಎಕ್ಸ್‌ರೇದಾಗ ಲಿಗಮೆಂಟ್ ಕಾಣಲ್ಲಂತ, ಆದ್ರ ಕೀಲಿನಾಗ ನೀರು ತುಂಬಿದ್ದು ಕಂಡದ.

ಸಣ್ಣ ನಾಯಿ ಆಗಿದ್ರ ರೆಸ್ಟು, ನೋವಿನ ಗುಳಿಗಿ, ತೂಕ ಇಳಿಸೋದು ಇಷ್ಟರಾಗೇ ನೋಡಬಹುದಿತ್ತು, ಇಷ್ಟು ತೂಕದ ನಾಯಿಗಿ ಕೀಲು ಅಲುಗಾಡಿ ಸವೀತದ, ಎಲುಬು ಕೊಯ್ದು ಪ್ಲೇಟ್ ಹಾಕೋ ಟಿಪಿಎಲ್‌ಒ ಛಲೋ ಅಂತಾರ. ಬೀದರ್ ವೆಟರ್ನರಿ ಕಾಲೇಜಿನಾಗ ಇಲ್ಲಾ ಹೈದರಾಬಾದಿನಾಗ ಯಾರರ ಮಾಡಿಸೀರೇನ್ರಿ, ಖರ್ಚು ಎಷ್ಟಾತು? ಬರೇ ದಾರ ಹಾಕಿ ಬಿಗಿಯೋ ಆಪರೇಷನ್ ಇಷ್ಟು ದೊಡ್ಡ ನಾಯಿಗಿ ತಾಳ್ತದೇನು? ಇನ್ನೊಂದು ಕಾಲಿಗೂ ಹಿಂಗೇ ಆಗಬಹುದು ಅಂತಾರ, ಅದೇ ದೊಡ್ಡ ಚಿಂತಿ ಆಗ್ಯದ.