ಮಾವನವರ ಪೌಷ್ಟಿಕ ಪುಡಿ: ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು?

ಪ್ರಶ್ನೆ, ಜಮಖಂಡಿ: ನಮ್ಮ ಮಾವನವರಿಗೆ 74 ವರ್ಷ, ಎತ್ತರ 160 ಸೆಂ.ಮೀ. ನಾಲ್ಕು ತಿಂಗಳಲ್ಲಿ ತೂಕ 52 ಕೆಜಿಯಿಂದ 47ಕ್ಕೆ ಇಳಿದಿದೆ. ಅರ್ಧ ರೊಟ್ಟಿಗೇ ಸಾಕು ಅಂತಾರೆ. ಶುಗರ್ ಇದೆ. ಡಾಕ್ಟರು ಪೌಷ್ಟಿಕ ಪುಡಿ ಬರೆದುಕೊಟ್ಟರು, ಎಷ್ಟು ದಿನ ಅಂತ ಬರೆದಿಲ್ಲ. ಊಟದ ಜೊತೆ ಹಾಲಿಗೆ ಒಂದು ಚಮಚ ಹಾಕಿ ಕೊಡ್ತಿದ್ದೇನೆ. ಯಾವಾಗ ನಿಲ್ಲಿಸಲಿ?

ಸದಸ್ಯರು, ಮುಧೋಳ: ಅಕ್ಕಾರೆ, ಇದು ಔಷಧಿ ಅಲ್ಲ, ಆಹಾರ. ಎಷ್ಟು ದಿನ ಕೊಟ್ಟರೂ ತೊಂದರೆ ಇಲ್ಲ.

ಡಯಟಿಷಿಯನ್, ಬೆಳಗಾವಿ: ಆಹಾರ ಅನ್ನೋದು ನಿಜ. ಆದರೆ ಎಷ್ಟು ದಿನ ಬೇಕಾದರೂ ಕೊಡಬಹುದು ಅನ್ನೋದನ್ನು ಒಪ್ಪಲಾರೆ. ಹೊಟ್ಟೆ ಅದರಲ್ಲೇ ತುಂಬಿದರೆ ರೊಟ್ಟಿ ಇನ್ನೂ ಕಡಿಮೆಯಾಗುತ್ತದೆ.

ಅಕ್ಕಾರೆ, ನೂರಕ್ಕೆ ಹತ್ತರಷ್ಟು ತೂಕ ಹೋಗಿದೆ, ಹಾಗಾಗಿ ಪುಡಿ ಬೇಕೇ ಬೇಕು. ಆದರೆ ಒಂದು ಚಮಚ ಏನೂ ಸಾಲದು. ದಿನಕ್ಕೆ ಕನಿಷ್ಠ 400 ಕ್ಯಾಲೊರಿ, 30 ಗ್ರಾಂ ಪ್ರೋಟೀನ್ ಸಿಗಬೇಕು. ಡಬ್ಬಿಯ ಮೇಲಿನ ಲೆಕ್ಕ ನೋಡಿ, ಡಬ್ಬಿಯೊಳಗಿನ ಅಳತೆ ಚಮಚದಲ್ಲೇ ಹಾಕಿ. ಅದನ್ನು ಎರಡು ಲೋಟ ಮಾಡಿ, ಊಟದ ಜೊತೆ ಬೇಡ. ಬೆಳಿಗ್ಗೆ ಹನ್ನೊಂದಕ್ಕೊಂದು, ಮಲಗುವ ಮುಂಚೆ ಒಂದು. ಶುಗರ್ ಇರೋದರಿಂದ ಗುಟುಕು ಗುಟುಕಾಗಿ ಕುಡಿಸಿ, ಮೊದಲ ವಾರ ಶುಗರ್ ಚೆಕ್ ಮಾಡಿಸಿ. ಯಾವ ಪುಡಿ ಅಂತ ಡಾಕ್ಟರಿಗೂ ಹೇಳಿ. ಜೊತೆಗೆ ಮೆತ್ತಗಿನ ನುಚ್ಚಿಗೆ ತುಪ್ಪ, ಗಟ್ಟಿ ಮೊಸರು, ಬೇಳೆ ಇರಲಿ. ಹಲ್ಲಿನ ಸೆಟ್ಟು ಸಡಿಲಾಗಿದೆಯಾ ನೋಡಿ.

ನಿಲ್ಲಿಸೋ ತೂಕವನ್ನು ಇವತ್ತೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಾನಾದರೆ 50 ಕೆಜಿ ಅಂತ ಬರೆಯುತ್ತೇನೆ. ವಾರಕ್ಕೊಮ್ಮೆ ಅದೇ ತಕ್ಕಡಿ, ಬೆಳಿಗ್ಗೆ, ಅದೇ ಥರದ ಬಟ್ಟೆ. ತಿಂಗಳಿಗೆ ಸರಿಯಾಗಿ ಡಾಕ್ಟರ ಹತ್ತಿರ ಹೋಗಿ. 50 ಮುಟ್ಟಿ, ಊಟವೂ ಸುಧಾರಿಸಿದ್ದರೆ ಒಂದು ಲೋಟಕ್ಕೆ ಇಳಿಸಿ, ಎರಡು ವಾರ ನೋಡಿ ನಿಲ್ಲಿಸಿ. ನಿಲ್ಲಿಸಿ ತಿಂಗಳಾದ ಮೇಲೆ ಮತ್ತೆ ತೂಕ ನೋಡಲೇಬೇಕು. ರುಚಿ, ಹೊತ್ತು ಬದಲಿಸಿದರೂ ಲೋಟ ಅರ್ಧಕ್ಕೇ ಉಳಿಯುತ್ತಿದ್ದರೆ ಸುಮ್ನೆ ದುಡ್ಡು ಹಾಕಬೇಡಿ, ಬೇರೆ ದಾರಿ ಕೇಳಿ. ಪೂರ್ತಿ ಕುಡಿದೂ ತೂಕ ಇಳಿಯುತ್ತಿದ್ದರೆ ಲೋಟ ಹೆಚ್ಚಿಸೋದಲ್ಲ, ಕಾರಣ ಹುಡುಕಬೇಕು: ಟಿಬಿ, ಥೈರಾಯ್ಡ್, ಮನಸ್ಸಿನ ಬೇಸರ ಎಲ್ಲ. ಕುಡಿವಾಗ ಕೆಮ್ಮು ಬಂದರೆ ಅವತ್ತೇ ನಿಲ್ಲಿಸಿ ತೋರಿಸಿ. ಒಂದೇ ವಾರದಲ್ಲಿ ಎರಡು ಕೆಜಿ ಏರಿದರೆ ಖುಷಿಪಡಬೇಡಿ, ಕಾಲಲ್ಲಿ ಬಾವು ಒತ್ತಿ ನೋಡಿ.

ಸದಸ್ಯೆ, ವಿಜಯಪುರ: ನಮ್ಮ ತಾಯಿಗೂ ಹಸಿವಿಲ್ಲ, ಕಿಡ್ನಿ ತೊಂದರೆ ಇದೆ. ಇದೇ ಪುಡಿ ಕೊಡಲಾ?

ಡಯಟಿಷಿಯನ್: ಬೇಡ್ರೀ. ಪೊಟ್ಯಾಸಿಯಂ, ಫಾಸ್ಫರಸ್ ನೋಡಬೇಕಾಗುತ್ತದೆ. ಕಿಡ್ನಿ ಡಾಕ್ಟರನ್ನೇ ಕೇಳಿ.

ಜಮಖಂಡಿ: ಹಲ್ಲಿನ ಸೆಟ್ಟು ಸರಿ ಇದೆ. ಆದರೆ ಮೆಟ್‌ಫಾರ್ಮಿನ್ ಡೋಸ್ ಏರಿಸಿದ ಮೇಲೆಯೇ ಊಟ ಕಡಿಮೆಯಾಯಿತು ಅನ್ನಿಸ್ತಿದೆ. ಅದಕ್ಕೇ ಇರಬಹುದಾ?

ಡಯಟಿಷಿಯನ್: ಇರಬಹುದು. ಆ ಮಾತ್ರೆ ಕೆಲವರಿಗೆ ಹಸಿವು ಕೆಡಿಸುತ್ತದೆ. ನೀವೇ ಬಿಡಿಸಬೇಡಿ. ಡೋಸ್ ಏರಿಸಿದ ತಾರೀಖು, ತೂಕದ ಪಟ್ಟಿ ಎರಡನ್ನೂ ತೋರಿಸಿ, ಡಾಕ್ಟರು ಏನಂದರು ಅಂತ ಇಲ್ಲಿ ಬರೆಯಿರಿ.