ಆರೋಗ್ಯ ತಪಾಸಣೆಯ ಹಾಳೆಗಳಿಂದ ತರಗತಿವಾರು ಸಾರಾಂಶ: ಯಾವ ಸಂಖ್ಯೆಯಿಂದ ಭಾಗಿಸಬೇಕು, ಯಾವ ಮಿತಿ ಹಿಡಿಯಬೇಕು?

ಪ್ರಶ್ನೆ: ಸಹಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ, ತೀರ್ಥಹಳ್ಳಿ ತಾಲ್ಲೂಕು

ಆರ್‌ಬಿಎಸ್‌ಕೆ ತಂಡದವರು ನಮ್ಮ ಶಾಲೆಗೆ ಬಂದು ತಪಾಸಣೆ ಮಾಡಿ ಹೋಗಿದ್ದಾರೆ. ಮಗುವಿಗೊಂದರಂತೆ ಹಾಳೆಗಳಿವೆ. ಕಣ್ಣು, ಹಲ್ಲು, ಪೌಷ್ಟಿಕತೆ ಮತ್ತು ರಕ್ತಹೀನತೆಯ ತರಗತಿವಾರು ಸಾರಾಂಶ ಮಾಡಿಕೊಡಿ ಎಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ. ಕೆಲವು ಹಾಳೆಗಳಲ್ಲಿ ಖಾಲಿ ಜಾಗಗಳಿವೆ, ಕೆಲವು ಮಕ್ಕಳು ಅಂದು ಬಂದಿರಲಿಲ್ಲ. ಶೇಕಡಾವಾರನ್ನು ಯಾವ ಸಂಖ್ಯೆಯ ಮೇಲೆ ತೆಗೆಯಬೇಕು? ಎಕ್ಸೆಲ್ ಸ್ವಲ್ಪ ಮಟ್ಟಿಗೆ ಬರುತ್ತದೆ.

ಶಿಕ್ಷಕರು, ಹೊಸನಗರ

ಮೇಡಂ, ನಾನು ಪ್ರತಿ ವರ್ಷವೂ ಈ ಕೆಲಸ ಮಾಡುತ್ತೇನೆ. ಒಂದು ಮಗುವಿಗೆ ಒಂದೇ ಸಾಲು ಇರಲಿ, ಹೆಸರಿನ ಬದಲು ಸ್ಯಾಟ್ಸ್ ಸಂಖ್ಯೆ ಹಾಕಿ, ಏಕೆಂದರೆ ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಇದ್ದೇ ಇರುತ್ತಾರೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದವರನ್ನೆಲ್ಲ ರಕ್ತಹೀನತೆ ಎಂದು ಎಣಿಸಿ, ತರಗತಿಯ ದಾಖಲಾತಿಯಿಂದ ಭಾಗಿಸಿದರೆ ಮುಗಿಯಿತು. ಖಾಲಿ ಇದ್ದ ಕಡೆ ದೋಷ ಕಂಡಿಲ್ಲ ಎಂದೇ ಅರ್ಥ. ದೋಷವಿದ್ದರೆ ಅವರು ಬರೆಯದೆ ಇರುತ್ತಿರಲಿಲ್ಲ.

ವೈದ್ಯರು, ಸಮುದಾಯ ವೈದ್ಯಶಾಸ್ತ್ರ, ಶಿವಮೊಗ್ಗ

ಒಂದು ಮಗುವಿಗೆ ಒಂದು ಸಾಲು ಮತ್ತು ಸ್ಯಾಟ್ಸ್ ಸಂಖ್ಯೆ ಎಂಬ ಹೊಸನಗರದ ಸರ್ ಅವರ ಮಾತನ್ನು ಹಾಗೆಯೇ ಅನುಸರಿಸಿ. ಆದರೆ ಅವರ ಉಳಿದ ಮೂರು ಮಾತುಗಳನ್ನು ನಾನು ಒಪ್ಪುವುದಿಲ್ಲ.

ಖಾಲಿ ಜಾಗಕ್ಕೆ ಮೂರು ಕಾರಣಗಳಿರಬಹುದು: ಮಗು ಅಂದು ಬಂದಿರಲಿಲ್ಲ, ಬಂದಿದ್ದರೂ ಆ ಪರೀಕ್ಷೆ ಆಗಲಿಲ್ಲ, ಅಥವಾ ಪರೀಕ್ಷೆಯಾಗಿ ದೋಷ ಕಾಣಲಿಲ್ಲ. ಇವು ಮೂರನ್ನೂ ಸೊನ್ನೆ ಎಂದು ತುಂಬಿದರೆ, ಮಳೆಯಿಂದ ಹಾಜರಾತಿ ಕುಸಿದ ದಿನ ತಪಾಸಣೆಗೊಳಗಾದ ತರಗತಿಯೇ ಅತ್ಯಂತ ಆರೋಗ್ಯವಂತ ತರಗತಿಯಾಗಿ ಕಾಣುತ್ತದೆ. ಅಂದಿನ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಬಾರದವರಿಗೆ ‘ಗೈರು’ ಎಂದೂ ಬಂದೂ ಪರೀಕ್ಷೆಯಾಗದವರಿಗೆ ‘ಆಗಿಲ್ಲ’ ಎಂದೂ ಬರೆಯಿರಿ. ಹಾಳೆಯಲ್ಲಿ ಸ್ಪಷ್ಟ ಗುರುತು ಅಥವಾ ಅಂಕಿ ಇದ್ದರೆ ಮಾತ್ರ ‘ದೋಷವಿಲ್ಲ’ ಎಂದು ದಾಖಲಿಸಿ. ಭಾಗಿಸಬೇಕಾದದ್ದು ಆ ಪರೀಕ್ಷೆ ನಿಜವಾಗಿ ನಡೆದ ಮಕ್ಕಳ ಸಂಖ್ಯೆಯಿಂದ. ಹೀಗಾಗಿ ಒಂದೇ ತರಗತಿಯಲ್ಲಿ ಕಣ್ಣಿಗೊಂದು ಛೇದ, ರಕ್ತಕ್ಕೊಂದು ಛೇದ ಬರುವುದು ಸಹಜ.

ಇನ್ನು ರಕ್ತಹೀನತೆಯ ಮಿತಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 11 ವರ್ಷದವರಿಗೆ ಮಿತಿ ಡೆಸಿಲೀಟರಿಗೆ 11.5 ಗ್ರಾಂ, 12ರಿಂದ 14 ವರ್ಷದವರಿಗೆ 12.0. ಹದಿನೈದು ತುಂಬಿದ ಮೇಲೆ ಹುಡುಗಿಯರಿಗೆ 12.0 ಉಳಿಯುತ್ತದೆ, ಹುಡುಗರಿಗೆ 13.0 ಆಗುತ್ತದೆ. ನಿಮ್ಮದು ಹಿರಿಯ ಪ್ರಾಥಮಿಕ ಶಾಲೆಯಾದ್ದರಿಂದ ತೊಡಕು ಬರುವುದು ಆರು ಮತ್ತು ಏಳನೆಯ ತರಗತಿಗಳಲ್ಲಿ, ಏಕೆಂದರೆ ಅಲ್ಲಿ ಹನ್ನೊಂದು ಮತ್ತು ಹನ್ನೆರಡು ವರ್ಷದವರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಆದ್ದರಿಂದ ಮಿತಿಯನ್ನು ತರಗತಿಗೆ ನಿಗದಿ ಮಾಡದೆ, ತಪಾಸಣೆಯ ದಿನಕ್ಕೆ ಪೂರ್ಣಗೊಂಡ ವಯಸ್ಸನ್ನು ನೋಡಿ ಮಗುವಿಗೆ ನಿಗದಿ ಮಾಡಬೇಕು.

ನಿಮ್ಮ ಏಳನೆಯ ತರಗತಿಯ ಅಂಕಿಗಳನ್ನು ಹೆಸರಿಲ್ಲದೆ ಇಲ್ಲಿ ಹಾಕಿದರೆ ಲೆಕ್ಕ ಮಾಡಿ ತೋರಿಸುತ್ತೇನೆ.

ಪೋಷಕರು, ಸಾಗರ

ನನ್ನ ಮಗ ಒಂದನೆಯ ತರಗತಿ. ಅವನ ಹಾಳೆಯಲ್ಲಿ ‘ಹುಳುಕು 75, 85’ ಎಂದು ಬರೆದಿದ್ದಾರೆ. ಶೇಕಡಾ 75ರಿಂದ 85ರಷ್ಟು ಹಲ್ಲು ಹಾಳಾಗಿದೆಯೇ? ಹಾಲುಹಲ್ಲಾದರೆ ಹೇಗೂ ಬಿದ್ದುಹೋಗುತ್ತದೆಯಲ್ಲ, ತೋರಿಸಬೇಕೇ?

ವೈದ್ಯರು, ಶಿವಮೊಗ್ಗ

ಅದು ಶೇಕಡಾವಾರಲ್ಲ, ಹಲ್ಲಿನ ಸಂಖ್ಯೆ. ಕೆಳಗಿನ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಇರುವ ಎರಡನೆಯ ಹಾಲು ದವಡೆಹಲ್ಲುಗಳು. ಅವು ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷದ ನಡುವೆ ಬೀಳುವುದರಿಂದ, ಆರು ವರ್ಷದ ಮಗುವಿಗೆ ಇನ್ನೂ ಹಲವು ವರ್ಷ ಬೇಕು. ದಂತವೈದ್ಯರಿಗೆ ಖಂಡಿತ ತೋರಿಸಿ.

ಮೇಡಂ, ಈ ಸಂಖ್ಯೆಗಳಿಂದ ನಿಮಗೂ ಉಪಯೋಗವಿದೆ. ಮೊದಲ ಅಂಕಿ 5ರಿಂದ 8ರವರೆಗೆ ಇದ್ದರೆ ಹಾಲುಹಲ್ಲು, 1ರಿಂದ 4ರವರೆಗೆ ಇದ್ದರೆ ಶಾಶ್ವತ ಹಲ್ಲು. ಸಾರಾಂಶದಲ್ಲಿ ‘ಹುಳುಕಿರುವ ಮಕ್ಕಳು’ ಎಂಬ ಕಾಲಮಿನ ಪಕ್ಕದಲ್ಲಿ ‘ಅವರಲ್ಲಿ ಶಾಶ್ವತ ಹಲ್ಲು ಹುಳುಕಿರುವವರು’ ಎಂಬ ಇನ್ನೊಂದು ಕಾಲಮ್ ಇರಲಿ. ಎರಡರಲ್ಲೂ ಎಣಿಸುವುದು ಮಕ್ಕಳನ್ನು, ಹಲ್ಲುಗಳನ್ನಲ್ಲ. ಹಾಳೆಯಲ್ಲಿ ಬರೀ ಕೂಡಿಸುವ ಗುರುತು ಇದ್ದು ಸಂಖ್ಯೆ ಇಲ್ಲದಿದ್ದರೆ ಎರಡನೆಯ ಕಾಲಮನ್ನು ಊಹೆಯಿಂದ ತುಂಬಬೇಡಿ.

ಸಹಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಧನ್ಯವಾದಗಳು ಸರ್. ಏಳನೆಯ ತರಗತಿಯ ದಾಖಲಾತಿ 28, ಅಂದು ಹಾಜರಿದ್ದವರು 24. ಹಿಮೋಗ್ಲೋಬಿನ್ ಅಂಕಿ ಇರುವುದು 21 ಮಕ್ಕಳಿಗೆ ಮಾತ್ರ. ಇಬ್ಬರ ಮನೆಯವರು ಒಪ್ಪಿರಲಿಲ್ಲ, ಒಬ್ಬಳು ಸೂಜಿ ಕಂಡು ಅತ್ತುಬಿಟ್ಟಳು. ಈ 21ರಲ್ಲಿ ಎಂಟು ಮಕ್ಕಳಿಗೆ ಹನ್ನೆರಡು ತುಂಬಿಲ್ಲ, ಉಳಿದವರು ಹನ್ನೆರಡು, ಹದಿಮೂರು ವರ್ಷದವರು. ಚಿಕ್ಕವರಲ್ಲಿ 11.5ಕ್ಕಿಂತ ಕಡಿಮೆ ಇಬ್ಬರು, 11.5ರಿಂದ 11.9ರವರೆಗೆ ಇಬ್ಬರು. ದೊಡ್ಡವರಲ್ಲಿ 11.5ಕ್ಕಿಂತ ಕಡಿಮೆ ಮೂವರು, 11.5ರಿಂದ 11.9ರವರೆಗೆ ಇಬ್ಬರು. ಇನ್ನೊಂದು ತೊಂದರೆ ಎಂದರೆ, ಕಣ್ಣಿನ ಕಾಲಮಿನಲ್ಲಿ 6/9 ಎಂದು ಟೈಪಿಸಿದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತಿದೆ.

ವೈದ್ಯರು, ಶಿವಮೊಗ್ಗ

ಎಲ್ಲರಿಗೂ 12.0 ಹಿಡಿದರೆ ಒಂಬತ್ತು ಮಕ್ಕಳು ಸಿಗುತ್ತಾರೆ, ಎಲ್ಲರಿಗೂ 11.5 ಹಿಡಿದರೆ ಐವರು. ವಯಸ್ಸಿಗೆ ತಕ್ಕಂತೆ ಎಣಿಸಿದರೆ ಚಿಕ್ಕವರಲ್ಲಿ ಇಬ್ಬರು, ದೊಡ್ಡವರಲ್ಲಿ ಐವರು, ಒಟ್ಟು ಏಳು. ಪರೀಕ್ಷೆಯಾದ 21 ಮಕ್ಕಳಲ್ಲಿ ಇದು ಶೇಕಡಾ 33. ದಾಖಲಾತಿಯ 28ರಿಂದ ಭಾಗಿಸಿದ್ದರೆ ಶೇಕಡಾ 25 ಬರುತ್ತಿತ್ತು, ಅಂದರೆ ಯಾರೂ ರಕ್ತ ನೋಡದ ಏಳು ಮಕ್ಕಳಿಗೆ ನಾವೇ ‘ಸರಿಯಿದೆ’ ಎಂದು ಬರೆದುಕೊಟ್ಟಂತೆ ಆಗುತ್ತಿತ್ತು. ಸಾರಾಂಶದಲ್ಲಿ 28, 24, 21, 7 ಎಂಬ ನಾಲ್ಕು ಅಂಕಿಗಳನ್ನೂ ಕೊಡಿ.

A ಕಾಲಮಿನಲ್ಲಿ ತರಗತಿ, C ಜನ್ಮದಿನಾಂಕ, D ತಪಾಸಣೆಯ ದಿನ, F ಹಿಮೋಗ್ಲೋಬಿನ್ ಎಂದಿಟ್ಟುಕೊಂಡು, E2 ಮತ್ತು G2 ಕೋಶಗಳಲ್ಲಿ ಕ್ರಮವಾಗಿ ಈ ಎರಡು ಸೂತ್ರಗಳನ್ನು ಹಾಕಿ ಕೆಳಗೆಳೆಯಿರಿ:

```
=DATEDIF(C2,D2,"Y")
=IF(ISNUMBER(F2),IF(F2<IF(E2>=12,12,11.5),1,0),"")
```

ಏಳನೆಯ ತರಗತಿಯಲ್ಲಿ ಪರೀಕ್ಷೆಯಾದವರು ಎಷ್ಟು, ರಕ್ತಹೀನತೆ ಇರುವವರು ಎಷ್ಟು ಎಂಬುದು ಇವುಗಳಿಂದ ಬರುತ್ತದೆ:

```
=COUNTIFS(A:A,7,G:G,">=0")
=COUNTIFS(A:A,7,G:G,1)
```

ISNUMBER ಬಿಡಬೇಡಿ. ಅದಿಲ್ಲದಿದ್ದರೆ ‘ಗೈರು’ ಎಂಬ ಅಕ್ಷರವನ್ನು ಎಕ್ಸೆಲ್ ಯಾವುದೇ ಅಂಕಿಗಿಂತ ದೊಡ್ಡದೆಂದು ಭಾವಿಸಿ, ಬಾರದ ಮಗುವನ್ನು ಸದ್ದಿಲ್ಲದೆ ಆರೋಗ್ಯವಂತರ ಪಟ್ಟಿಗೆ ಸೇರಿಸುತ್ತದೆ. ‘11.2 ಗ್ರಾಂ’ ಎಂದು ಟೈಪಿಸಿದರೂ ಅದು ಅಕ್ಷರವೇ ಆಗಿ ಆ ಮಗು ಎಣಿಕೆಯಿಂದ ಹೊರಗುಳಿಯುತ್ತದೆ. ಪರೀಕ್ಷೆಯಾದವರ ಸಂಖ್ಯೆ 21 ಬರಬೇಕಾದಲ್ಲಿ 20 ಬಂದರೆ ಮೊದಲು ಇದನ್ನೇ ಹುಡುಕಿ.

ದೃಷ್ಟಿಗೆ ಸುಲಭದ ದಾರಿ ಇದೆ. ಮೇಲಿನ 6 ಎಲ್ಲರಿಗೂ ಒಂದೇ ಆಗಿರುವುದರಿಂದ ಕೆಳಗಿನ ಅಂಕಿಯನ್ನು ಮಾತ್ರ, ಅಂದರೆ 6, 9, 12, 18 ಎಂದು, ಬಲಗಣ್ಣಿಗೂ ಎಡಗಣ್ಣಿಗೂ ಬೇರೆ ಬೇರೆ ಕಾಲಮಿನಲ್ಲಿ ಟೈಪಿಸಿ. ಎರಡರಲ್ಲಿ ದೊಡ್ಡ ಅಂಕಿಯೇ ಆ ಮಗುವಿನ ಫಲಿತಾಂಶ. ಬಲಗಣ್ಣು 6/6, ಎಡಗಣ್ಣು 6/18 ಇರುವ ಮಗು ಎರಡೂ ಕಣ್ಣು ತೆರೆದು ಕಪ್ಪುಹಲಗೆಯನ್ನು ಸರಾಗವಾಗಿ ಓದುವುದರಿಂದ, ಅದರ ತೊಂದರೆ ತರಗತಿಯಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ತಂಡದವರು ಯಾವ ಮಿತಿಯಿಂದ ಮುಂದಕ್ಕೆ ಕಳುಹಿಸಿದ್ದಾರೆ ಎಂದು ಕೇಳಿ ಅದನ್ನು ಪಟ್ಟಿಯ ತಲೆಯಲ್ಲಿ ನಮೂದಿಸಿ.

ಪೌಷ್ಟಿಕತೆಗೆ ದೊಡ್ಡವರ ಬಿಎಂಐ ಮಿತಿಯಾದ 18.5 ಅನ್ನು ಬಳಸಲೇಬೇಡಿ. ಹತ್ತು ವರ್ಷ ತುಂಬಿದ ಹುಡುಗಿಯೊಬ್ಬಳು 132 ಸೆಂ.ಮೀ. ಎತ್ತರ, 23 ಕೆ.ಜಿ. ತೂಕ ಇದ್ದಾಳೆ ಎಂದುಕೊಳ್ಳಿ. ಬಿಎಂಐ 13.2 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಲ್ಲಿ ಆ ವಯಸ್ಸಿನ ಹುಡುಗಿಯರ ಮಧ್ಯಮ ಮೌಲ್ಯ 16.6, ಕೃಶತೆಯ ಗೆರೆ 13.5, ತೀವ್ರ ಕೃಶತೆಯ ಗೆರೆ 12.4. ಆದ್ದರಿಂದ ಈಕೆ ಕೃಶಳು, ಆದರೆ ತೀವ್ರವಲ್ಲ. ಮಧ್ಯಮ ಮೌಲ್ಯವೇ 16.6 ಇರುವಾಗ 18.5 ಹಿಡಿದರೆ ತರಗತಿಯ ಬಹುಪಾಲು ಮಕ್ಕಳು ಅಪೌಷ್ಟಿಕರಾಗುತ್ತಾರೆ, ನಿಜವಾಗಿ ಸೊರಗಿದ ಒಂದೆರಡು ಮಕ್ಕಳು ಆ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಕೋಷ್ಟಕವು ತಿಂಗಳ ಲೆಕ್ಕದಲ್ಲಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆಯಾಗಿದೆ.

ಸಮುದಾಯ ಆರೋಗ್ಯಾಧಿಕಾರಿ, ಆಗುಂಬೆ ಕಡೆ

ಡಾಕ್ಟರ್ ಹೇಳಿದ್ದೆಲ್ಲ ಸರಿ, ಆದರೆ 11.4 ಮತ್ತು 11.6ರ ನಡುವಿನ ವ್ಯತ್ಯಾಸಕ್ಕೆ ಅಷ್ಟೊಂದು ಬೆಲೆ ಕೊಡುವ ಮೊದಲು ರಕ್ತ ತೆಗೆದ ಬಗೆಯನ್ನೂ ನೋಡಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮಕ್ಕಳು ಒದ್ದೆಯಾಗಿ ಬರುತ್ತಾರೆ, ಬೆರಳು ಮಂಜಿನಂತಿರುತ್ತದೆ, ಚುಚ್ಚಿದರೆ ಹನಿ ಬರುವುದಿಲ್ಲ. ಆಗ ಬೆರಳನ್ನು ಹಿಂಡಿದರೆ ರಕ್ತದೊಂದಿಗೆ ಅಂಗಾಂಶದ ನೀರು ಬೆರೆತು ಅಂಕಿ ತಪ್ಪಾಗಿ ಬರುತ್ತದೆ. ನಾನು ಕೈಗಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿಸಿ, ಒರೆಸಿ, ಮೊದಲ ಹನಿಯನ್ನು ಹತ್ತಿಯಿಂದ ತೆಗೆದು ನಂತರದ ಹನಿಯನ್ನು ಬಳಸುತ್ತೇನೆ. ಒಂದೇ ತರಗತಿಯಲ್ಲಿ ಅಸಹಜವಾಗಿ ಹೆಚ್ಚು ಮಕ್ಕಳಿಗೆ ಕಡಿಮೆ ಬಂದಿದ್ದರೆ ಗಡಿಯಲ್ಲಿರುವವರನ್ನು ಇನ್ನೊಮ್ಮೆ ಪರೀಕ್ಷಿಸಲು ಕೇಳಿಕೊಳ್ಳಿ.

ವೈದ್ಯರು, ಶಿವಮೊಗ್ಗ

ಒಪ್ಪುತ್ತೇನೆ. ಆದರೆ ಮರುಪರೀಕ್ಷೆಯ ಅಂಕಿಯನ್ನು ಹಳೆಯದರ ಮೇಲೆ ಬರೆಯದೆ ಷರಾ ಕಾಲಮಿನಲ್ಲಿ ದಿನಾಂಕದೊಂದಿಗೆ ಇಡಿ. ಕಡಿಮೆ ಬಂದವರನ್ನು ಮಾತ್ರ ಮರುಪರೀಕ್ಷಿಸಿ ಹೊಸ ಅಂಕಿ ಸೇರಿಸಿದರೆ ತರಗತಿಯ ಶೇಕಡಾವಾರು ತಾನಾಗಿಯೇ ಇಳಿಯುತ್ತದೆ. 8ಕ್ಕಿಂತ ಕಡಿಮೆ ಇರುವ ಮಗು ಮಾತ್ರ ಯಾವ ಸಾರಾಂಶಕ್ಕೂ ಕಾಯಬಾರದು, ಅಂದೇ ವೈದ್ಯಾಧಿಕಾರಿಗಳ ಬಳಿ ಹೋಗಬೇಕು.

ಸಹಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಸರ್, ಇನ್ನೆರಡು ಸಂಶಯಗಳಿವೆ. ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ಒಟ್ಟಿಗೆ ಕೂರುತ್ತಾರೆ, ಅವರನ್ನು ಒಂದೇ ಸಾಲಿನಲ್ಲಿ ಕೊಡಬಹುದೇ? ಈಗಾಗಲೇ ಕನ್ನಡಕ ಹಾಕಿ 6/6 ಓದುವ ಮಗುವನ್ನು ದೋಷವಿರುವವರಲ್ಲಿ ಎಣಿಸಬೇಕೇ?

ವೈದ್ಯರು, ಶಿವಮೊಗ್ಗ

ನಲಿ-ಕಲಿ ಮಕ್ಕಳನ್ನು ಸ್ಯಾಟ್ಸ್‌ನಲ್ಲಿರುವ ತರಗತಿಯಂತೆ ಬೇರೆ ಮಾಡಿ, ಇಲ್ಲದಿದ್ದರೆ ಮುಂದಿನ ವರ್ಷ ಹೋಲಿಸಲಾಗದು. ಒಂದು ತರಗತಿಯಲ್ಲಿ ಆರೇ ಮಕ್ಕಳಿದ್ದರೆ ಶೇಕಡಾವಾರು ಬರೆಯಬೇಡಿ. ಅಲ್ಲಿ ಒಂದು ಮಗು ಎಂದರೆ ಶೇಕಡಾ 17 ಆಗುತ್ತದೆ. ‘6ರಲ್ಲಿ 1’ ಎಂದೇ ಸಾಕು. ಅಂತಹ ತರಗತಿಯ ಸಾರಾಂಶವನ್ನು ಸೂಚನಾ ಫಲಕಕ್ಕೂ ಹಾಕಬೇಡಿ, ಹೆಸರಿಲ್ಲದಿದ್ದರೂ ಆ ಒಂದು ಮಗು ಯಾರೆಂದು ಊರಿಗೆಲ್ಲ ತಿಳಿಯುತ್ತದೆ.

ಕನ್ನಡಕದ ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ನಾನು ಅಂತಹ ಮಕ್ಕಳನ್ನು ‘ಕನ್ನಡಕದಿಂದ ಸರಿಯಾಗಿದೆ’ ಎಂಬ ಪ್ರತ್ಯೇಕ ಕಾಲಮಿನಲ್ಲಿ ಇಡುತ್ತೇನೆ, ಏಕೆಂದರೆ ಹೊಸದಾಗಿ ಕಳುಹಿಸಬೇಕಾದವರ ಸಂಖ್ಯೆ ಸ್ಪಷ್ಟವಾಗಿರಬೇಕು.

ನೇತ್ರ ಸಹಾಯಕರು, ಭದ್ರಾವತಿ

ನಾನು ದೋಷವಿರುವವರಲ್ಲೇ ಎಣಿಸುತ್ತೇನೆ. ಬೆಳೆಯುವ ಮಕ್ಕಳ ಪವರ್ ಬದಲಾಗುತ್ತಲೇ ಇರುತ್ತದೆ. ಪ್ರತ್ಯೇಕ ಕಾಲಮಿಗೆ ಹೋದವರನ್ನು ಮರುವರ್ಷ ಯಾರೂ ಕರೆಯುವುದಿಲ್ಲ. ಮನೆಯಲ್ಲಿ ಕನ್ನಡಕ ಮರೆತು ಬಂದವರನ್ನು ಏನು ಮಾಡುತ್ತೀರಿ, ಡಾಕ್ಟರ್?

ವೈದ್ಯರು, ಶಿವಮೊಗ್ಗ

ಅವರಿಗೆ ಕನ್ನಡಕವಿಲ್ಲದ ಅಂಕಿಯನ್ನು ಬರೆದು, ಷರಾದಲ್ಲಿ ‘ಕನ್ನಡಕ ತಂದಿಲ್ಲ’ ಎಂದು ನಮೂದಿಸಿ, ಮರುದಿನ ಶಾಲೆಯಲ್ಲೇ ಕನ್ನಡಕ ಹಾಕಿಸಿ ನೋಡಲು ಹೇಳುತ್ತೇನೆ. ಮರುವರ್ಷದ ಕರೆಯ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಅದನ್ನು ಹೆಸರುಗಳಿರುವ ರೆಫರಲ್ ಪಟ್ಟಿಯಲ್ಲಿ ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಮೇಡಂ, ಎರಡರಲ್ಲಿ ಯಾವುದನ್ನು ಅನುಸರಿಸಿದರೂ ಎಲ್ಲ ತರಗತಿಗಳಿಗೂ ಅದನ್ನೇ ಅನುಸರಿಸಿ, ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಬರೆದಿಡಿ.